250 ರೂಪಾಯಿಯ ಸಂತೆ, ಏಳು ದಿನದ ಸಾರು

ಸಂತೆಗೆ ಹೋಗುವ ತಾಯಿಯ ಕೈಯಲ್ಲಿರುವ ಹಣ ಒಂದೇ ದಿನದಲ್ಲಿ ಖರ್ಚಾಗುತ್ತದೆ, ಅದರಿಂದ ತಂದ ತರಕಾರಿ ಮಾತ್ರ ಏಳು ದಿನ ನಡೆಯಬೇಕು. ಕೇಂದ್ರ ಸರ್ಕಾರ 2022-23ರಲ್ಲಿ ನಡೆಸಿದ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ವೆಚ್ಚ 3,773 ರೂಪಾಯಿ. ಅದರಲ್ಲಿ ತರಕಾರಿಯ ಪಾಲು ನೂರಕ್ಕೆ ಐದೂವರೆಗಿಂತ ತುಸು ಕಡಿಮೆ, ಅಂದರೆ ತಲೆಗೆ ತಿಂಗಳಿಗೆ ಸುಮಾರು 200 ರೂಪಾಯಿ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ವಾರಕ್ಕೆ 190 ರೂಪಾಯಿಯ ಆಸುಪಾಸಿಗೆ ಬರುತ್ತದೆ. ಆಮೇಲೆ ಏರಿದ ಬೆಲೆಗೆ ತಕ್ಕಂತೆ ಸ್ವಲ್ಪ ಸೇರಿಸಿದರೂ 250 ರೂಪಾಯಿ ಹಿಡಿದು ಸಂತೆಗೆ ಹೊರಡುವ ತಾಯಿ ಸಾಮಾನ್ಯ ಮನೆಯವಳೇ.

ಇಷ್ಟು ಹಣದಲ್ಲಿ ವಾರ ಕಳೆಯುವುದು ಚೌಕಾಸಿಯ ಜಾಣ್ಮೆ ಎಂದು ಹಲವರು ತಿಳಿಯುತ್ತಾರೆ. ಚೌಕಾಸಿಯಿಂದ ಉಳಿಯುವುದು ಐದೋ ಹತ್ತೋ ರೂಪಾಯಿ. ಅದಕ್ಕಿಂತ ಹೆಚ್ಚಿನ ಉಳಿತಾಯ ಇರುವುದು ಯಾವ ತರಕಾರಿ ಎಷ್ಟು ದಿನ ತಡೆಯುತ್ತದೆ ಎಂಬ ತಿಳಿವಳಿಕೆಯಲ್ಲಿ. ಸಂತೆಯ ಬೆಲೆ ಆಡುವುದೂ ಇದರ ಮೇಲೆಯೇ.

ವಾರದ ಸಂತೆಯಲ್ಲಿ ಬೆಳಗಿನ ಬೆಲೆ ಒಂದಾದರೆ ಸಂಜೆಯ ಬೆಲೆ ಇನ್ನೊಂದು. ಬೆಳಗ್ಗೆ ಬಂದವರಿಗೆ ಆರಿಸಿಕೊಳ್ಳುವ ಅವಕಾಶ ಹೆಚ್ಚು, ಹಾಗಾಗಿ ಮಾರುವವರು ಬೆಲೆ ಬಿಡುವುದಿಲ್ಲ. ಬಿಸಿಲು ಇಳಿದು ಸಂತೆ ಮುರಿಯುವ ಹೊತ್ತಿಗೆ ಉಳಿದ ಮಾಲನ್ನು ಮನೆಗೆ ಹೊತ್ತೊಯ್ಯಬೇಕೇ, ಸಿಕ್ಕಷ್ಟಕ್ಕೆ ಕೊಟ್ಟುಬಿಡಬೇಕೇ ಎಂಬ ಪ್ರಶ್ನೆ ಅವರಿಗೆ ಎದುರಾಗುತ್ತದೆ. ಉತ್ತರ ತರಕಾರಿಯಿಂದ ತರಕಾರಿಗೆ ಬೇರೆ. ಬೆಳಗಿನಿಂದ ಬಿಸಿಲಲ್ಲಿದ್ದ ದಂಟಿನ ಸೊಪ್ಪು ಮರುದಿನ ಮಾರಾಟಕ್ಕೆ ಬರುವುದಿಲ್ಲ. ಪೂರ್ತಿ ಹಣ್ಣಾದ ಟೊಮೆಟೊ ಮೂಟೆಯಲ್ಲಿ ಒಡೆದು ರಸ ಸುರಿಸುತ್ತದೆ. ಇವುಗಳ ಬೆಲೆ ಸಂಜೆ ಅರ್ಧಕ್ಕೆ ಇಳಿಯುವುದುಂಟು. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ ಮಾರುವವರಿಗೆ ಆ ಭಯವಿಲ್ಲ. ಇಂದು ಹೋಗದಿದ್ದರೆ ಮಂಗಳವಾರ ಇನ್ನೊಂದು ಊರಿನ ಸಂತೆ ಇದ್ದೇ ಇದೆ. ಆದ್ದರಿಂದ ಸಂಜೆ ಆರಕ್ಕೆ ಹೋದರೂ ಈರುಳ್ಳಿಯ ಬೆಲೆ ಹೆಚ್ಚು ಕದಲುವುದಿಲ್ಲ. ತಡವಾಗಿ ಹೋದಷ್ಟೂ ಅದರಲ್ಲಿ ಆರಿಸಿಕೊಳ್ಳಲು ಸಣ್ಣದು, ಮೊಳಕೆಯೊಡೆದದ್ದು ಮಾತ್ರ ಉಳಿದಿರುತ್ತದೆ.

ಅನುಭವಿ ತಾಯಂದಿರು ಸಂತೆಗೆ ಹೋಗುವ ಹೊತ್ತನ್ನು ಹೀಗಾಗಿಯೇ ನಡುವೆ ಇಟ್ಟುಕೊಳ್ಳುತ್ತಾರೆ. ನಾಲ್ಕು ಗಂಟೆಯ ಸುಮಾರಿಗೆ ಹೋಗಿ, ತಡೆಯುವ ತರಕಾರಿಯನ್ನು ಆಯ್ದು ಕೊಂಡು, ಸೊಪ್ಪು ಮತ್ತು ಹಣ್ಣು ಟೊಮೆಟೊವನ್ನು ಕೊನೆಗೆ ಬಿಡುತ್ತಾರೆ. ಚೀಲ ತುಂಬುವುದಕ್ಕೂ ಇದೇ ಅನುಕೂಲ. ಭಾರದ ಈರುಳ್ಳಿ, ಆಲೂಗಡ್ಡೆ ತಳಕ್ಕೆ ಹೋಗುತ್ತವೆ, ಜಜ್ಜಿಹೋಗುವ ಟೊಮೆಟೊ ಮೇಲೆ ಕೂರುತ್ತದೆ.

ಹಳೆ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದ ಭಾನುವಾರದ ಸಂತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡನಿಗೆ ಶನಿವಾರ ಬಟವಾಡೆ. ಅಕ್ಕಿ ನ್ಯಾಯಬೆಲೆ ಅಂಗಡಿಯದು, ರಾಗಿ ಮನೆಯಲ್ಲಿದೆ, ಬೇಳೆ, ಬೆಳ್ಳುಳ್ಳಿ, ಹುಣಸೆಹಣ್ಣು ದಿನಸಿ ಅಂಗಡಿಯ ಲೆಕ್ಕಕ್ಕೆ ಸೇರುತ್ತವೆ. ಶಾಲೆ ಇರುವ ದಿನ ಮಕ್ಕಳ ಮಧ್ಯಾಹ್ನದ ಊಟ ಅಲ್ಲಿಯ ಬಿಸಿಯೂಟ. ಫ್ರಿಡ್ಜ್ ಇಲ್ಲ. ತರಕಾರಿಗೆ ಎತ್ತಿಟ್ಟದ್ದು 250 ರೂಪಾಯಿ. ಮುಂದೆ ಹೇಳುವ ಬೆಲೆಗಳು ವಿಪರೀತ ಏರಿಳಿತವಿಲ್ಲದ ವಾರಕ್ಕೆ ಹಿಡಿದವು. ಊರು ಮತ್ತು ತಿಂಗಳು ಬದಲಾದಂತೆ ಅವೂ ಬದಲಾಗುತ್ತವೆ.

ತಾಯಿ ಮೊದಲು ಏನನ್ನೂ ಕೊಳ್ಳದೆ ಸಂತೆಯನ್ನು ಒಂದು ಸುತ್ತು ಹಾಕುತ್ತಾಳೆ. ಈ ಸುತ್ತು ಕಾಲಹರಣವಲ್ಲ. ಯಾವ ತರಕಾರಿ ಎಲ್ಲ ಸಾಲುಗಳಲ್ಲೂ ರಾಶಿ ಬಿದ್ದಿದೆಯೋ ಅದು ಆ ವಾರ ಅಗ್ಗ, ಸಂಜೆಗೆ ಇನ್ನೂ ಅಗ್ಗ. ಒಬ್ಬಿಬ್ಬರ ಹತ್ತಿರ ಮಾತ್ರ ಇರುವುದನ್ನು ಕಾಯ್ದು ಪ್ರಯೋಜನವಿಲ್ಲ. ಮನೆಯಿಂದ ಹೊರಡುವಾಗಲೇ ಇಂಥದ್ದೇ ಬೇಕೆಂದು ನಿರ್ಧರಿಸಿ ಬಂದವರ ಹಣ ಬೇಗ ಮುಗಿಯುತ್ತದೆ. ಈ ತಾಯಿ ನಿರ್ಧರಿಸಿ ಬಂದಿರುವುದು ತರಕಾರಿಯ ಹೆಸರನ್ನಲ್ಲ, ಬಗೆಯನ್ನು: ವಾರ ಪೂರ್ತಿ ತಡೆಯುವುದು ಇಷ್ಟು, ಮೂರು ನಾಲ್ಕು ದಿನ ತಡೆಯುವುದು ಇಷ್ಟು, ನಾಳೆಯೇ ಮುಗಿಸಬೇಕಾದದ್ದು ಇಷ್ಟು.

ತಡೆಯುವ ತರಕಾರಿ ಮೊದಲು. ಈರುಳ್ಳಿ ಒಂದೂವರೆ ಕೆಜಿ 45 ರೂಪಾಯಿ, ಆಲೂಗಡ್ಡೆ ಒಂದು ಕೆಜಿ 30, ಗಟ್ಟಿಯಾಗಿ ಸುತ್ತಿದ ಕೋಸು ಒಂದು 20, ಒಂದೂವರೆ ಕೆಜಿ ತೂಗುವ ಸಣ್ಣ ಸಿಹಿಗುಂಬಳ 20. ಕುಂಬಳವನ್ನು ಹೋಳು ಮಾಡಿ ಮಾರುವವರೂ ಇದ್ದಾರೆ, ಆದರೆ ಹೋಳಿಗೆ ಎರಡು ದಿನದ ಆಯುಸ್ಸು. ಇಡೀ ಕಾಯಿ, ತೊಟ್ಟು ಒಣಗಿದ್ದು, ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ವಾರದ ಕೊನೆಗೆಂದು ಕೊಳ್ಳುವವಳಿಗೆ ಬೇಕಾದದ್ದು ಇದೇ. ಅರೆಹಣ್ಣಾದ ಟೊಮೆಟೊ ಒಂದು ಕೆಜಿ 20. ಇಲ್ಲಿಗೆ 135 ರೂಪಾಯಿ, ಅಂದರೆ ಅರ್ಧಕ್ಕಿಂತ ಹೆಚ್ಚು ಹಣ ಮುಗಿಯಿತು. ಈ ಭಾಗದಲ್ಲಿ ಅವಳು ಹೆಚ್ಚು ಚೌಕಾಸಿ ಮಾಡುವುದಿಲ್ಲ, ಕೈಯಿಂದ ಆರಿಸಿಕೊಳ್ಳಲು ಬಿಡುವವರ ಹತ್ತಿರವೇ ಕೊಳ್ಳುತ್ತಾಳೆ. ಕೆಜಿಗೆ ಎರಡು ರೂಪಾಯಿ ಕಡಿಮೆ ಎಂದು ಆರಿಸಲು ಬಿಡದ ಕಡೆ ಕೊಂಡರೆ, ಒಂದೂವರೆ ಕೆಜಿಯಲ್ಲಿ ಕೊಳೆತ ಎರಡು ಈರುಳ್ಳಿ ಬಂದರೂ ಉಳಿದ ಮೂರು ರೂಪಾಯಿಗಿಂತ ನಷ್ಟ ದೊಡ್ಡದು.

ನಂತರ ನಡುವಾರದ್ದು. ಬದನೆಕಾಯಿ ಅರ್ಧ ಕೆಜಿ 15, ಬೀನ್ಸ್ ಅರ್ಧ ಕೆಜಿ 25, ಸೊಪ್ಪಿನ ಸಮೇತ ಮೂಲಂಗಿ ಒಂದು ಕಟ್ಟು 15, ಹಸಿಮೆಣಸಿನಕಾಯಿ 10. ಮೂಲಂಗಿಯನ್ನು ಸೊಪ್ಪಿನ ಜೊತೆಗೇ ಕೊಳ್ಳುವುದರಲ್ಲಿ ಲೆಕ್ಕವಿದೆ. ಗೆಡ್ಡೆಯಿಂದ ಸಾರು, ಸೊಪ್ಪಿನಿಂದ ಪಲ್ಯ, ಒಂದೇ ಬೆಲೆಗೆ ಎರಡು ಹೊತ್ತಿನ ಅಡುಗೆ. ನವಿಲುಕೋಸು, ಬೀಟ್‌ರೂಟ್‌ಗಳ ಎಲೆಯೂ ಹೀಗೆಯೇ ಉಪಯೋಗಕ್ಕೆ ಬರುತ್ತದೆ. ಅದನ್ನು ಮುರಿದು ಎಸೆಯುವ ಅಂಗಡಿಗಳಲ್ಲಿ ಕೊಳ್ಳುವವರು ಎಲೆಯ ಬೆಲೆಯನ್ನೂ ತೆತ್ತು ಬರಿಯ ಗೆಡ್ಡೆ ತರುತ್ತಾರೆ. ತೂಕಕ್ಕೂ ತಿನ್ನಲು ಸಿಗುವುದಕ್ಕೂ ಇರುವ ಈ ಅಂತರ ಬಟಾಣಿ, ಅವರೆಕಾಯಿಯಲ್ಲಿ ಇನ್ನೂ ದೊಡ್ಡದು. ಸುಲಿದ ಮೇಲೆ ಕಾಳು ಉಳಿಯುವುದು ಕಾಯಿಯ ತೂಕದ ಅರ್ಧಕ್ಕಿಂತ ಕಡಿಮೆ. ಅವರೆಯ ಕಾಲದಲ್ಲಿ ಮಕ್ಕಳು ಆಸೆಪಟ್ಟರೆ ತಾಯಿ ಬೀನ್ಸ್, ಬದನೆ ಎರಡನ್ನೂ ಬಿಟ್ಟು ಅದನ್ನೊಂದೇ ಕೊಳ್ಳಬೇಕಾಗುತ್ತದೆ.

ಈಗ 200 ರೂಪಾಯಿ ಮುಗಿದು 50 ಉಳಿದಿದೆ. ದೀಪ ಹತ್ತುವ ಹೊತ್ತು. ಸೊಪ್ಪಿನ ಸಾಲಿನಲ್ಲಿ ಬೆಳಗ್ಗೆ ಕಟ್ಟಿಗೆ ಹನ್ನೆರಡು ಎನ್ನುತ್ತಿದ್ದಾಕೆಯ ಮುಂದೆ ಏಳೆಂಟು ಕಟ್ಟು ಬಾಕಿ ಇವೆ.

"ದಂಟು ಹೆಂಗಕ್ಕ?"

"ಎಲ್ಡು ದಂಟು, ಒಂದ್ ಮೆಂತ್ಯ ಎತ್ಕೊ ತಾಯಿ, ಇಪ್ಪತ್ತೈದು ಕೊಡು."

"ಬಾಡೋಗೈತಲ್ಲಕ್ಕ, ಇಪ್ಪತ್ ಮಾಡ್ಕೊ. ಕರಿಬೇವು ಒಂದೆಲ್ಡ್ ಕಡ್ಡಿ ಹಾಕು."

ಈ ಮಾತಿನಲ್ಲಿ ಇಬ್ಬರಿಗೂ ಎದುರಿನವರ ಕಷ್ಟ ಗೊತ್ತು. ಮಾರುವಾಕೆಗೆ ಬಸ್ಸು ಹೊರಡುವ ಮೊದಲು ಮಕ್ಕರಿ ಖಾಲಿಯಾಗಬೇಕು, ಕೊಳ್ಳುವಾಕೆಗೆ ಐದು ರೂಪಾಯಿ ಉಳಿಯಬೇಕು. ಕೊಸರು ಎಂದು ಬೀಳುವ ಕರಿಬೇವಿಗೆ ಬೆಲೆ ಇಲ್ಲದಿದ್ದರೂ ಅದು ವಾರದ ಒಗ್ಗರಣೆಗೆಲ್ಲ ಆಗುತ್ತದೆ. ಸೊಪ್ಪಿಗೆ 20, ಕೊತ್ತಂಬರಿಗೆ 5. ಕೊನೆಗೆ ಹಣ್ಣು ಟೊಮೆಟೊದ ಗುಡ್ಡೆ, ಸುಮಾರು ಒಂದು ಕೆಜಿ, 10 ರೂಪಾಯಿ. ಉಳಿದ 15 ರೂಪಾಯಿಯನ್ನು ಅವಳು ಬೇಕೆಂದೇ ಖರ್ಚು ಮಾಡುವುದಿಲ್ಲ. ಅದು ಗುರುವಾರದ ಸೊಪ್ಪಿಗೆ.

ಗುಡ್ಡೆ ಕೊಳ್ಳುವುದು ಲಾಭವೋ ನಷ್ಟವೋ ಎಂಬುದಕ್ಕೆ ಸರಳ ಲೆಕ್ಕವಿದೆ. ಒಳ್ಳೆಯ ಟೊಮೆಟೊ ಕೆಜಿಗೆ 20, ಗುಡ್ಡೆಯದು 10. ಗುಡ್ಡೆಯಲ್ಲಿ 300 ಗ್ರಾಂ ಕೆಟ್ಟುಹೋದರೆ ಉಳಿದ 700 ಗ್ರಾಮಿಗೆ 10 ರೂಪಾಯಿ ಕೊಟ್ಟಂತಾಯಿತು, ಕೆಜಿಗೆ 14 ಚಿಲ್ಲರೆ, ಆಗಲೂ ಅಗ್ಗವೇ. ಅರ್ಧ ಕೆಟ್ಟರೆ ಎರಡೂ ಸಮ. ಅದಕ್ಕಿಂತ ಹೆಚ್ಚು ಕೆಟ್ಟರೆ ಅಗ್ಗವೆಂದು ತಂದದ್ದೇ ದುಬಾರಿ. ಆದ್ದರಿಂದ ನೋಡಬೇಕಾದದ್ದು ಗುಡ್ಡೆಯ ಮೇಲಿನ ನಾಲ್ಕು ಹಣ್ಣನ್ನಲ್ಲ, ತಳವನ್ನು. ಕೆಳಗೆ ಹಾಸಿದ ಗೋಣಿ ಒದ್ದೆಯಾಗಿದ್ದರೆ ಒಳಗೆ ಒಡೆದ ಹಣ್ಣುಗಳಿವೆ ಎಂದರ್ಥ. ಮೆತ್ತಗಿದ್ದು ಸಿಪ್ಪೆ ಹರಿಯದಿದ್ದರೆ ಆ ರಾತ್ರಿಯ ಗೊಜ್ಜಿಗೆ ತೊಂದರೆಯಿಲ್ಲ. ಬಿಳಿ ಅಥವಾ ಕಪ್ಪು ಬೂಷ್ಟು ಕಂಡ ಹಣ್ಣನ್ನು ಮಾತ್ರ ಪೂರ್ತಿ ಬಿಸಾಡಬೇಕು. ಮೇಲಿನದನ್ನು ಕೆತ್ತಿ ಉಳಿದದ್ದನ್ನು ಬೇಯಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಮೆತ್ತನೆಯ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ.

ಬೇರೆ ತರಕಾರಿಗಳೂ ಗುರುತು ಕೊಡುತ್ತವೆ. ಕುತ್ತಿಗೆ ಒತ್ತಿದಾಗ ಮೆತ್ತಗಿರುವ ಈರುಳ್ಳಿ ಒಳಗಿನಿಂದ ಕೊಳೆಯಲು ಶುರುವಾಗಿದೆ. ಹಸಿರು ತಿರುಗಿದ ಆಲೂಗಡ್ಡೆ ಬೆಳಕಿಗೆ ಬಿದ್ದದ್ದು, ಅದರಲ್ಲಿ ಕಹಿಯಾದ ವಿಷದ ಅಂಶ ಹೆಚ್ಚಿರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಗಾತ್ರಕ್ಕಿಂತ ಹಗುರವಾದ ಮೂಲಂಗಿಯ ಒಳಗೆ ಬೆಂಡು. ಸೊಪ್ಪಿನ ಕಟ್ಟಿನಲ್ಲಿ ಮೋಸ ಮಾಡುವುದು ನೀರು. ತಾಜಾ ಕಾಣಲೆಂದು ಮತ್ತೆ ಮತ್ತೆ ಚಿಮುಕಿಸಿದ ನೀರು ಕಟ್ಟಿನ ನಡುವೆ ನಿಂತು, ಹೊರಗೆ ಹಸಿರಾಗಿದ್ದರೂ ಒಳಗೆ ಲೋಳೆಯಾಗಿರುತ್ತದೆ. ಬೆರಳು ತೂರಿಸಿ ನೋಡಿದರೆ ಬೆಚ್ಚಗೆ ಹತ್ತಿದ್ದು ಬೇಡ. ಬರೀ ಬಾಡಿದ ಸೊಪ್ಪು ಅದಕ್ಕಿಂತ ಮೇಲು. ಮನೆಗೆ ಬಂದು ಬುಡವನ್ನು ನೀರಿನಲ್ಲಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ.

ಸಂತೆಯ ಕೆಲಸದ ಅರ್ಧ ಭಾಗ ಮನೆಗೆ ಬಂದ ಮೇಲೆ ಇದೆ. ಎಷ್ಟೇ ದಣಿವಿದ್ದರೂ ಚೀಲವನ್ನು ಹಾಗೆಯೇ ಮೂಲೆಗಿಟ್ಟು ಮಲಗಿದರೆ ಬೆಳಗ್ಗೆ ತಳದ ಶಾಖಕ್ಕೆ ಒಂದಿಷ್ಟು ಹಾಳಾಗಿರುತ್ತದೆ. ತರಕಾರಿ ಕಿತ್ತ ಮೇಲೂ ಉಸಿರಾಡುತ್ತದೆ, ಆಗ ಶಾಖ ಮತ್ತು ತೇವ ಹೊರಬರುತ್ತವೆ. ಒತ್ತಾಗಿ ತುಂಬಿದರೆ ಎರಡೂ ಅಲ್ಲೇ ನಿಲ್ಲುತ್ತವೆ. ಆದ್ದರಿಂದ ರಾತ್ರಿಯೇ ಎಲ್ಲವನ್ನೂ ಹರಡಬೇಕು. ಮೂಲಂಗಿಯ ಸೊಪ್ಪನ್ನು ಕೂಡಲೇ ಮುರಿದು ಬೇರೆ ಇಡಬೇಕು, ಇಲ್ಲವಾದರೆ ಎಲೆ ಗೆಡ್ಡೆಯಿಂದಲೇ ನೀರು ಎಳೆದುಕೊಂಡು ಗೆಡ್ಡೆ ಬೆಂಡಾಗುತ್ತದೆ. ಸೊಪ್ಪನ್ನು ತೊಳೆಯದೆ, ಕೊಳೆತ ಎಲೆ ತೆಗೆದು, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಬೇಕು. ಅರೆಹಣ್ಣು ಟೊಮೆಟೊ ತಟ್ಟೆಯಲ್ಲಿ ಒಂದೇ ಪದರವಾಗಿ, ತೊಟ್ಟು ಕೆಳಗಾಗಿ ಇರಲಿ, ಸೊಪ್ಪಿನಿಂದ ದೂರವಿರಲಿ. ಹಣ್ಣಾಗುವ ಟೊಮೆಟೊ, ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಹತ್ತಿರದ ಸೊಪ್ಪನ್ನು ಬೇಗ ಹಳದಿ ಮಾಡುತ್ತದೆ. ಈರುಳ್ಳಿಗೆ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೆ ಬೇಕು. ಪ್ಲಾಸ್ಟಿಕ್ ಚೀಲ ಎರಡಕ್ಕೂ ಆಗದು.

ಅಡುಗೆಯ ಸರದಿಯನ್ನು ನಾಲಿಗೆಗಿಂತ ತರಕಾರಿಯ ಆಯುಸ್ಸೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಭಾನುವಾರ ರಾತ್ರಿ ಗುಡ್ಡೆಯ ಟೊಮೆಟೊ ಪೂರ್ತಿ ಒಲೆಗೆ ಹೋಗುತ್ತದೆ. ಈರುಳ್ಳಿ ಹಾಕಿ ಮಾಡಿದ ಗೊಜ್ಜು ಆ ರಾತ್ರಿಗೆ, ನೀರಿನಂಶ ಇಂಗುವಂತೆ ಹುರಿದ ಇನ್ನೊಂದು ಪಾಲು ಸೋಮವಾರ ಬೆಳಗಿನ ರೊಟ್ಟಿಗೆ. ಸೋಮವಾರ ದಂಟಿನ ಸೊಪ್ಪಿನ ಬಸ್ಸಾರು. ಸಣ್ಣ ಸಂಸಾರಕ್ಕೆ ಇಷ್ಟು ಒದಗುವ ಅಡುಗೆ ಬೇರೊಂದಿಲ್ಲ. ಸೊಪ್ಪನ್ನೂ ಕಾಳನ್ನೂ ಬೇಯಿಸಿ ನೀರು ಬಸಿದರೆ ಆ ನೀರಿಗೆ ಖಾರ ಸೇರಿ ಮುದ್ದೆಗೆ ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಒಂದು ಪಾಲು ಬೇಯಿಸಿದ ನೀರಿಗೆ ಇಳಿದಿರುತ್ತದೆ. ಬಸ್ಸಾರಿನಲ್ಲಿ ಆ ನೀರು ಬಚ್ಚಲಿಗೆ ಹೋಗದೆ ತಟ್ಟೆಗೆ ಬರುತ್ತದೆ. ಬಲಿತ ದಂಟನ್ನು ಎಸೆಯದೆ ತೆಗೆದಿಟ್ಟರೆ ಮರುದಿನದ ಹುಳಿಗಾಗುತ್ತದೆ.

ಮಂಗಳವಾರ ಮೆಂತ್ಯ ಸೊಪ್ಪು, ಮೂಲಂಗಿ ಸೊಪ್ಪು, ಬೀನ್ಸ್. ಬೀನ್ಸ್ ಅದಕ್ಕಿಂತ ಹೆಚ್ಚು ಕಾಯಿಸಿದರೆ ನಾರಾಗುತ್ತದೆ. ಬುಧವಾರ ಬದನೆಕಾಯಿಗೆ ಆಲೂಗಡ್ಡೆ ಸೇರಿಸಿ ಪಲ್ಯ, ಮೂಲಂಗಿಯ ಸಾರು. ಗುರುವಾರ ಕೋಸಿನ ಅರ್ಧ ಭಾಗ, ಜೊತೆಗೆ ಉಳಿಸಿದ್ದ 15 ರೂಪಾಯಿಗೆ ತಳ್ಳುಗಾಡಿಯಲ್ಲಿ ಬರುವ ಒಂದು ಕಟ್ಟು ಸೊಪ್ಪು. ಗಾಡಿಯ ಬೆಲೆ ಸಂತೆಗಿಂತ ಹೆಚ್ಚು ಎಂದು ಗೊತ್ತಿದ್ದೂ ಕೊಳ್ಳುವುದಕ್ಕೆ ಕಾರಣವಿದೆ. ನಾಲ್ಕು ದಿನಕ್ಕಾಗುವ ಸೊಪ್ಪನ್ನು ಭಾನುವಾರವೇ ತಂದರೆ ಫ್ರಿಡ್ಜ್ ಇಲ್ಲದ ಮನೆಯಲ್ಲಿ ಅರ್ಧ ತಿಪ್ಪೆಗೆ ಹೋಗುತ್ತದೆ. ಮಳೆಗಾಲದಲ್ಲಿ ಈ ಹಣವೂ ಬೇಡ. ಹೊಲದ ಬದುವಿನಲ್ಲಿ ಹೊನಗೊನ್ನೆ, ಅಣ್ಣೆ, ಗೋಣಿ ಸೊಪ್ಪು ಸಿಗುವ ಕಡೆ ತಾಯಿ ಕೆಲಸದಿಂದ ಬರುವಾಗ ಮಡಿಲಲ್ಲಿ ಬೆರಕೆ ಸೊಪ್ಪು ತರುತ್ತಾಳೆ.

ಶುಕ್ರವಾರ ಕುಂಬಳವನ್ನು ಒಡೆಯುವ ದಿನ. ಒಂದು ಪಾಲು ಹುಳಿಗೆ, ಇನ್ನೊಂದು ಶನಿವಾರದ ಪಲ್ಯಕ್ಕೆ. ಶನಿವಾರ ಬುಟ್ಟಿಯಲ್ಲಿ ಉಳಿಯುವುದು ಎರಡು ಮೂರು ಆಲೂಗಡ್ಡೆ, ಕೋಸಿನ ಇನ್ನರ್ಧ, ನಾಲ್ಕು ಈರುಳ್ಳಿ. ಅಂದಿಗೆಂದು ಗುರುವಾರ ರಾತ್ರಿಯೇ ಹುರುಳಿಕಾಳು ನೆನೆಹಾಕಿರುತ್ತಾಳೆ, ಶುಕ್ರವಾರ ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನಕ್ಕೆ ಮೊಳಕೆ. ಎರಡು ಹಿಡಿ ಕಾಳು ಉಬ್ಬಿ ಪಾತ್ರೆ ತುಂಬುತ್ತದೆ, ಒಣಕಾಳಿನಲ್ಲಿ ಹೆಚ್ಚು ಇಲ್ಲದ ಸಿ ಜೀವಸತ್ವವೂ ಮೊಳಕೆಯಲ್ಲಿ ಮೂಡುತ್ತದೆ.

ಹೀಗೆ ವಾರ ದಾಟುತ್ತದೆ, ಆದರೆ ತಟ್ಟೆಗೆ ಬಿದ್ದದ್ದು ಸಾಕೇ ಎಂಬುದು ಬೇರೆ ಪ್ರಶ್ನೆ. ಚೀಲದಲ್ಲಿ ಬಂದದ್ದು ಒಟ್ಟು ಒಂಬತ್ತೂವರೆ ಕೆಜಿಯ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ವಯಸ್ಕರಿಗೆ ಸೊಪ್ಪೂ ಸೇರಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಹೇಳುತ್ತದೆ. ನಾಲ್ವರಿಗೂ ಅದೇ ಅಳತೆ ಹಿಡಿದರೆ ವಾರಕ್ಕೆ 11 ಕೆಜಿ ದಾಟುತ್ತದೆ. ಮಕ್ಕಳಿಗೆ ಕಡಿಮೆ ಸಾಕು ಎಂದುಕೊಂಡರೂ, ಆಲೂಗಡ್ಡೆ ಕಳೆದು, ಸಿಪ್ಪೆ ಕಳೆದು ನೋಡಿದಾಗ ಈ ಚೀಲದಲ್ಲಿ ಕೊರತೆ ಉಳಿಯುತ್ತದೆ, ಸೊಪ್ಪಿನಲ್ಲಂತೂ ಹೆಚ್ಚು. ಕೊರತೆ ಎಲ್ಲರ ತಟ್ಟೆಗೂ ಸಮನಾಗಿ ಹಂಚಿಹೋಗುವುದಿಲ್ಲ. ಗಂಡ, ಮಕ್ಕಳು ಉಂಡ ಮೇಲೆ ಉಣ್ಣುವ ಮನೆಗಳಲ್ಲಿ ಪಲ್ಯದ ಪಾತ್ರೆಯ ತಳ ತಾಯಿಯ ಪಾಲು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಅದಕ್ಕೆ ಕಾರಣಗಳು ಹಲವು, ಸೊಪ್ಪಿನ ಕೊರತೆಯೊಂದೇ ಅಲ್ಲ. ಆದರೂ ವಾರದ ಚೀಲವನ್ನು ಇಷ್ಟು ಜೋಪಾನವಾಗಿ ಹಂಚುವವಳು ತನ್ನ ತಟ್ಟೆಯನ್ನು ಆ ಲೆಕ್ಕದಿಂದ ಬಿಟ್ಟರೆ, ಉಳಿತಾಯದಂತೆ ಕಂಡದ್ದರಲ್ಲಿ ಒಂದು ಭಾಗ ಅವಳ ರಕ್ತದಿಂದ ಬಂದದ್ದು. ಬಸ್ಸಾರಿನ ಸೊಪ್ಪನ್ನು ಬಡಿಸುವ ಮೊದಲೇ ನಾಲ್ಕು ಪಾಲು ಮಾಡಿ ತನ್ನದನ್ನು ಮುಚ್ಚಿಡುವ ತಾಯಂದಿರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ಲೆಕ್ಕ ಕೈಕೊಡುವುದು ಯಾವುದಾದರೊಂದು ತರಕಾರಿಯ ಬೆಲೆ ಹಠಾತ್ತನೆ ಹಾರಿದಾಗ. 2019ರ ಡಿಸೆಂಬರ್‌ನಲ್ಲಿ ಈರುಳ್ಳಿ, 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದವು. ಎರಡಕ್ಕೂ ಹಿಂದೆ ಬೆಳೆ ಹಾಳಾದ ಕಥೆಯಿದೆ. ಬೇಸಿಗೆಯಲ್ಲಿ ಕೊಯ್ದ, ತಡೆಯುವ ಈರುಳ್ಳಿಯ ದಾಸ್ತಾನು ಮುಗಿಯುತ್ತ ಬರುವಾಗ ಮುಂಗಾರಿನ ಬೆಳೆ ಬರಬೇಕು; ಅದು ಮಳೆಗೆ ಕೊಳೆತರೆ ನಡುವೆ ಬರಿದು. ಟೊಮೆಟೊ ಸಸಿ ನೆಟ್ಟು ಕೊಯ್ಲಿಗೆ ಬರಲು ಎರಡು ತಿಂಗಳಿಗೂ ಹೆಚ್ಚು ಬೇಕು. ಆದ್ದರಿಂದ ಒಮ್ಮೆ ಏರಿದ ಬೆಲೆ ಮುಂದಿನ ಸಂತೆಗೆ ಇಳಿಯುತ್ತದೆಂದು ಕಾಯುವಂತಿಲ್ಲ, ಇದು ತಾಯಂದಿರಿಗೆ ಗೊತ್ತು. ಅಂಥ ವಾರಗಳಲ್ಲಿ ಟೊಮೆಟೊ ಕಾಲು ಕೆಜಿಗೆ ಇಳಿಯುತ್ತದೆ, ಹುಳಿಯ ಕೆಲಸವನ್ನು ಹುಣಸೆಹಣ್ಣು ವಹಿಸಿಕೊಳ್ಳುತ್ತದೆ. ಈರುಳ್ಳಿ ಏರಿದರೆ ಅದು ಒಗ್ಗರಣೆಗೆ ಮಾತ್ರ, ಪಲ್ಯದ ಗಾತ್ರ ಹೆಚ್ಚಿಸುವ ಕೆಲಸ ಕೋಸಿಗೆ. ಹೀಗೆ ಉಳಿಸಿಕೊಂಡ ಹಣದಲ್ಲಿ ಮೊದಲು ಕಾಪಾಡುವುದು ಸೊಪ್ಪನ್ನು, ಆಮೇಲೆ ಬೀನ್ಸ್, ಬದನೆಯನ್ನು. ಎಲ್ಲವೂ ಒಟ್ಟಿಗೆ ಏರಿದ ವಾರ ಬೀನ್ಸ್ ಮೊದಲು ಬಿಟ್ಟುಹೋಗುತ್ತದೆ, ಆಲೂಗಡ್ಡೆ ಅರ್ಧವಾಗುತ್ತದೆ, ಹುರುಳಿಕಾಳು ವಾರಕ್ಕೆರಡು ದಿನ ಮೊಳಕೆಗೆ ಬೀಳುತ್ತದೆ.